ದಿಕ್ಕು ತಂದ್ವಿ, ಮಾಡ ಬಿಟ್ಟು ಬಂದ್ವಿ: ಸಣ್ಣ ಫ್ಲ್ಯಾಟಿನ್ಯಾಗ ನವರಾತ್ರಿ ದೀಪ ಎಲ್ಲಿಡೋದು?

ಭಾಗ 1/8

ಮೊದಲನೇ ಫೋಟೋ ನೋಡಿದ್ರ್ಯಾ? ಅದು ನಮ್ಮ ಹಾಲ್‌ನ ಕಿಟಕಿ ಪರದೆ. ಕೆಳಗಿನ ಅಂಚಿನ್ಯಾಗ ಒಂದು ಗೇಣು ಜಾಗ ಕರಗಿ, ಕರ್ರಗ ಗಂಟು ಗಂಟು ಆಗೈತಿ. 2024ರ ನವರಾತ್ರಿ, ನಾಲ್ಕನೇ ದಿನ ರಾತ್ರಿ. ಒಂದು ಜೋರು ಗಾಳಿ ಬಂತು, ಪರದೆ ಹಾರಿ ನಂದಾದೀಪದ ಮ್ಯಾಲೆ ಬಿತ್ತು. ಪಪ್ಪಾ ಅಲ್ಲೇ ಊಟಕ್ಕ ಕೂತಿದ್ರು, ಹಂಗಾಗಿ ಕೈಲೆ ಜಗ್ಗಿ ಕೆಳಗ ಹಾಕಿ ತುಳಿದ್ರು. ಅವರು ಐದು ನಿಮಿಷ ಮೊದಲು ಊಟ ಮುಗಿಸಿ ಎದ್ದಿದ್ರ ಈ ಸರಣಿ ಬರೀಲಿಕ್ಕೆ ನನಗ ಮನಸ್ಸು ಬರ್ತಿರಲಿಲ್ಲ.

ಅವ್ವ ಆ ಪರದೆ ಬಿಸಾಕು ಅಂದ್ಲು. ನಾನು ಮಡಚಿ ಇಟ್ಟೀನಿ. ಯಾಕಂದ್ರ ಆ ದೀಪ ತಪ್ಪು ಜಾಗದಾಗ ಇದ್ದದ್ದು ನಮ್ಮ ಅಲಕ್ಷ್ಯದಿಂದ ಅಲ್ಲ. ಭಾಳ ವಿಚಾರ ಮಾಡಿ, ದಿಕ್ಕು ನೋಡಿ, ಹಾಲ್‌ನ ಈಶಾನ್ಯ ಮೂಲೆ ಅಂತ ಹುಡುಕಿ ಇಟ್ಟಿದ್ವಿ. ದಿಕ್ಕು ಸರಿ ಇತ್ತು, ಜಾಗ ತಪ್ಪಿತ್ತು.

ಈ ಸಲ ಸರಣಿಯ ವಿಷಯ ಇದೇ. ಒಂದು ಬೆಡ್‌ರೂಮಿನ ಮನಿಯೊಳಗ ಘಟ್ಟ ಹಾಕಿ ಒಂಬತ್ತು ದಿನ ದೀಪ ಹಚ್ಚಬೇಕಂದ್ರ ಜಾಗ ಹೆಂಗ ಆರಿಸಬೇಕು? ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ: ದೇವರಿಗೆ ಜಾಗ ಹುಡುಕಬ್ಯಾಡ್ರಿ, ದೀಪಕ್ಕ ಹುಡುಕ್ರಿ. ದೀಪಕ್ಕ ಸರಿ ಆದ ಜಾಗದಾಗ ದೇವರನ್ನ ಕೂಡಿಸಲಿಕ್ಕೆ ನಮ್ಮ ಪದ್ಧತಿಯೊಳಗ ಸಾಕಷ್ಟು ಅವಕಾಶ ಐತಿ.

ಭಾಗ 2/8

ಇದು ನನಗ ತಿಳಿದದ್ದು ಆಯಿ ಬಾಯಿಂದ. ಆಯಿ ನಲವತ್ತು ವರ್ಷ ಧಾರವಾಡ ಹತ್ರ ಹಳ್ಳಿಯ ಮಾಳಿಗಿ ಮನಿಯೊಳಗ ಘಟ್ಟ ಹಾಕಿದಾಕಿ. ಒಮ್ಮೆ ಕೇಳಿದೆ, "ಆಯಿ, ಅಲ್ಲಿ ಯಾವತ್ತರ ಬೆಂಕಿ ಹತ್ತಿತ್ತೇನು?"

ಆಯಿ ನಕ್ಕಳು. "ಎದಕ್ಕ ಹತ್ತತೈತಿ ತಂಗಿ? ದೀಪ ಮಾಡದಾಗ ಇರ್ತಿತ್ತು. ಸುತ್ತ ಮಣ್ಣಿನ ಗ್ವಾಡಿ. ಮಣ್ಣಿಗೆ ಬೆಂಕಿ ಹತ್ತತೈತೇನು?"

ಮಾಡ ಅಂದ್ರ ಗೊತ್ತಿಲ್ಲದವರಿಗೆ ಹೇಳ್ತೀನಿ. ದಪ್ಪ ಗ್ವಾಡಿಯೊಳಗ ಕೊರೆದ ಗೂಡು. ಹಿಂದ, ಎಡಕ್ಕ, ಬಲಕ್ಕ, ಮ್ಯಾಲೆ, ಕೆಳಗ ಎಲ್ಲಾ ಮಣ್ಣು ಇಲ್ಲಾ ಕಲ್ಲು. ಮುಂದೊಂದೇ ಕಡೆ ತೆರೆದಿರ್ತದ. ಗಾಳಿ ಬಡಿಯೋದಿಲ್ಲ, ಹಂಗಾಗಿ ದೀಪ ಆರೋದಿಲ್ಲ. ಎಣ್ಣಿ ಚೆಲ್ಲಿದ್ರೂ ಅಲ್ಲೇ ಇರ್ತದ. ಮಕ್ಕಳ ಕೈ ನಿಲುಕೋದಿಲ್ಲ. ಹೊಗಿ ಎದ್ದು ಮಾಳಿಗಿಯ ಬೆಳಕಿಂಡಿಯಿಂದ ಹೊರಗ ಹೋಗ್ತದ. ಬಿಸಿ ಹೊಗಿ ಮ್ಯಾಲೆ ಏರೋದು ಸಹಜ, ಮ್ಯಾಲೇ ಕಿಂಡಿ ಇದ್ರ ಅದಕ್ಕ ದಾರಿ ತೋರಸೋದೇ ಬ್ಯಾಡ.

ಅಂದ್ರ ಆ ಮನಿಯೊಳಗ ಗಾಳಿ, ಬೆಂಕಿ, ಹೊಗಿ ಮೂರರ ಚಿಂತಿನೂ ಗ್ವಾಡಿ ಕಟ್ಟೋ ಗೌಂಡಿಯೇ ಮುಗಿಸಿದ್ದ. ಮನಿಯವರಿಗೆ ಉಳಿದಿದ್ದು ದಿಕ್ಕಿನ ವಿಚಾರ ಅಷ್ಟೇ. ಅದಕ್ಕ ಹಿರಿಯರು ನಮಗ ಹೇಳಿಕೊಟ್ಟಿದ್ದೂ ದಿಕ್ಕು ಅಷ್ಟೇ.

ನಾವು ಹುಬ್ಬಳ್ಳಿಗೆ ಬರೋವಾಗ ದಿಕ್ಕು ತಂದ್ವಿ, ಮಾಡ ಅಲ್ಲೇ ಬಿಟ್ಟು ಬಂದ್ವಿ. ಈಗಿನ ನಾಲ್ಕೂವರಿ ಇಂಚಿನ ಗ್ವಾಡಿಯೊಳಗ ಮಾಡ ಕೊರೀಲಿಕ್ಕೆ ಬರೋದಿಲ್ಲ. ಬಾಡಿಗಿ ಮನಿ ಆದ್ರ ಮಳಿ ಹೊಡಿಲಿಕ್ಕೂ ಓನರ್ ಬಿಡೋದಿಲ್ಲ. ಹಂಗಂತ ಮಾಡದ ಕೆಲಸ ಬಿಡಲಿಕ್ಕೆ ಆಗೋದಿಲ್ಲ. ಮಾಡ ಏನೇನು ಮಾಡ್ತಿತ್ತೋ ಅದನ್ನ ನಾವು ಬ್ಯಾರೆ ರೀತಿ ಮಾಡಬೇಕು.

ಭಾಗ 3/8

ಈಗ ನಮ್ಮ ಮನಿ ನಕ್ಷೆ. (ಎರಡನೇ ಫೋಟೋ. ಅಕೌಂಟ್ಸ್ ನೋಟ್‌ಬುಕ್ಕಿನ ಹಿಂದಿನ ಹಾಳ್ಯಾಗ ತೆಗೆದಿದ್ದು, ನಗಬ್ಯಾಡ್ರಿ.)

ಮೂರನೇ ಮಹಡಿ. ಮುಂಬಾಗಿಲು ದಕ್ಷಿಣಕ್ಕ. ಒಳಗ ಬಂದ್ರ ಹಾಲ್, 14 ಫೂಟ್ ಉದ್ದ, 10 ಫೂಟ್ ಅಗಲ. ಎದುರಿಗೆ ಉತ್ತರದ ಗ್ವಾಡಿಯೊಳಗ ಕಿಟಕಿ. ಬಲಕ್ಕ ಪೂರ್ವದ ಗ್ವಾಡಿಗೆ ಎರಡು ಬಾಗಿಲು: ಕಿಟಕಿ ಕಡೆದು ಅಡಗಿ ಮನಿಗೆ, ಈಚಿಂದು ಬೆಡ್‌ರೂಮಿಗೆ. ಎಡಕ್ಕ ಪಶ್ಚಿಮದ ಬರೇ ಗ್ವಾಡಿ, ಅದರ ಮ್ಯಾಲೆ ಟಿ.ವಿ.

ಇಡೀ ಮನಿಯ ಈಶಾನ್ಯ ಅಂದ್ರ ಅಡಗಿ ಮನಿ. ಅವ್ವನ ಮೊದಲನೇ ಮನಸ್ಸು ಅಲ್ಲೇ ಇತ್ತು. "ದಿಕ್ಕೂ ಸರಿ, ಮಡಿಗೂ ಚಲೋ, ನಾ ಅಡಗಿ ಮಾಡ್ಕೋತ ದೀಪಾನೂ ನೋಡ್ಕೋತೀನಿ" ಅಂದ್ಲು. ಕೇಳಲಿಕ್ಕೆ ಛಲೋ ಐತಿ. ಆದ್ರ ಕಟ್ಟಿ ಕೆಳಗ 14.2 ಕೆ.ಜಿ. ಸಿಲಿಂಡರ್ ಐತಿ.

ಎಲ್.ಪಿ.ಜಿ. ಗಾಳಿಗಿಂತ ಭಾರ. ಸೋರಿದ್ರ ಮ್ಯಾಲೆ ಏರಿ ಕಿಟಕಿಯಿಂದ ಹೋಗೋದಿಲ್ಲ. ನೀರು ಹರಿದಂಗ ನೆಲದ ಮ್ಯಾಲೆ ಹಬ್ಬಿ, ಮೂಲೆಯೊಳಗ ನಿಲ್ತದ. ನಾವು ದೀಪ ಇಡೋದೂ ನೆಲದ ಹತ್ರ, ಮೂಲೆಯೊಳಗ. ಸ್ಟೋವ್ ಆದ್ರ ಬೇಕಾದಾಗ ಹಚ್ತೀವಿ, ಬ್ಯಾಡಾದಾಗ ಆರಸ್ತೀವಿ. ನಂದಾದೀಪ ಹಂಗಲ್ಲ. ಗ್ಯಾಸ್ ಯಾವ ಹೊತ್ತಿನ್ಯಾಗ ಸೋರಿದ್ರೂ ಅದು ಉರಕೋತನ ಇರ್ತದ. ವಾಸನಿ ಹಿಡಿದು ಎದ್ದು ರೆಗ್ಯುಲೇಟರ್ ಬಂದ್ ಮಾಡೋವಷ್ಟು ಸಮಯ ನಿಮಗ ಸಿಗೋದಿಲ್ಲ.

ಹುಬ್ಬಳ್ಳಿಯವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. 2024ರ ಡಿಸೆಂಬರಿನ್ಯಾಗ ಉಣಕಲ್ ಹತ್ರದ ಅಚ್ಚವ್ವನ ಕಾಲೊನಿಯೊಳಗ ಅಯ್ಯಪ್ಪ ಮಾಲಾಧಾರಿಗಳು ರಾತ್ರಿ ಮಲಗಿದ್ದ ಕೋಣಿಯೊಳಗ ಸಿಲಿಂಡರ್ ಸೋರಿ ಬೆಂಕಿ ಹತ್ತಿತು. ಪೂಜಾಕ್ಕ ಹಚ್ಚಿದ್ದ ದೀಪದಿಂದ ಗ್ಯಾಸ್ ಹೊತ್ತಿಕೊಂಡಿತು ಅಂತ ಪತ್ರಿಕೆಯೊಳಗ ಬಂತು. ಒಂಬತ್ತು ಮಂದಿಗೆ ಸುಟ್ಟ ಗಾಯ ಆತು, ಅವರೊಳಗ ಹೆಚ್ಚಿನವರು ಕಿಮ್ಸ್‌ನಿಂದ ಜೀವಂತ ಬರಲಿಲ್ಲ. ಅವರದು ಏನೂ ವಿಚಿತ್ರ ವ್ಯವಸ್ಥಾ ಇರಲಿಲ್ಲ. ಸಣ್ಣ ಕೋಣಿ, ದೀಪ, ಸಿಲಿಂಡರ್, ಮಲಗಿದ ಮಂದಿ. ನಮ್ಮ ಮನಿಯೊಳಗೂ ಅವೇ ನಾಲ್ಕು ಅದಾವು.

ಆ ಸುದ್ದಿ ಓದಿದ ದಿನದಿಂದ ಅವ್ವ ಅಡಗಿ ಮನಿ ಮಾತು ತೆಗೀಲಿಲ್ಲ.

ಭಾಗ 4/8

ಹಂಗಾದ್ರ ಎಲ್ಲಿ? ನಾನು ಪಶ್ಚಿಮದ ಗ್ವಾಡಿ ತೋರಿಸಿದೆ. ಟಿ.ವಿ. ತೆಗೆದ್ರ ಆರು ಫೂಟ್ ಬರೇ ಗ್ವಾಡಿ. ಪರದೆ ಇಲ್ಲ, ಬಾಗಿಲಿಲ್ಲ. ಸಿಲಿಂಡರಿನಿಂದ ಇದ್ದುದರೊಳಗ ದೂರದ ಜಾಗ.

ಆಯಿ ಒಪ್ಪಲಿಲ್ಲ. "ಪಡುವಣ ದಿಕ್ಕಿನಾಗ ದೇವರ? ಹಿಂದಿನಿಂದ ಈಶಾನ್ಯ ಅಂತ ಬಂದೈತಿ."

ಇಲ್ಲಿ ಸ್ವಲ್ಪ ನಿಲ್ಲೋಣ. ಬಹಳ ಮನಿಯೊಳಗ ಮಾತು ಮುರಿಯೋದು ಇಲ್ಲೇ. ಮಕ್ಕಳು "ಅದೆಲ್ಲಾ ಮೂಢನಂಬಿಕಿ" ಅಂತಾರ, ಹಿರಿಯರು "ನಿಮಗೇನು ಗೊತ್ತು" ಅಂತಾರ, ಕಡೀಕ ದೀಪ ಪರದೆ ಕೆಳಗೇ ಉಳೀತದ. ನಾನು ಆಯಿ ಪದ್ಧತಿ ಬಿಡಿಸಲಿಕ್ಕೆ ಹೋಗಲಿಲ್ಲ, ಅದರೊಳಗೇ ಹುಡುಕಿದೆ.

ದಿಕ್ಕಿನ ಮಾತಿನ್ಯಾಗ ಎರಡು ಸಂಗತಿ ಕೂಡಿಕೊಂಡಾವು. ಒಂದು, ಮನಿಯ ಯಾವ ಮೂಲೆ ಅನ್ನೋದು. ಇನ್ನೊಂದು, ಮುಖ ಯಾವ ಕಡೆ ಅನ್ನೋದು. ನಾವು ಎರಡನ್ನೂ ಒಂದೇ ಅಂತ ತಿಳಕೊಂಡಿರ್ತೀವಿ. ಪಶ್ಚಿಮದ ಗ್ವಾಡಿಗೆ ಹಚ್ಚಿ ದೇವಿನ್ನ ಕೂಡಿಸಿದ್ರ ಆಕಿ ಮುಖ ಪೂರ್ವಕ್ಕ ಬರ್ತದ. ನಮ್ಮ ಕಡೆ ಗುಡಿಯೊಳಗ ದೇವರು ಹೆಚ್ಚಾಗಿ ಕೂತಿರೋದೇ ಹಂಗ. ನಾವು ಎದುರು ನಿಂತು ಕೈ ಮುಗಿಯೋವಾಗ ನಮ್ಮ ಮುಖ ಪಡುವಣಕ್ಕೇ ಇರ್ತದ, ಅದು ತಪ್ಪು ಅಂತ ಯಾರೂ ಅನ್ನೋದಿಲ್ಲ. ಇಲ್ಲೇ ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿ ನೆನಸ್ರಿ. ಚಾಲುಕ್ಯರ ಕಾಲದ್ದು. ನಾಲ್ಕೂ ದಿಕ್ಕಿಗೆ ಬಾಗಿಲು ಅದಾವು.

ಇದನ್ನ ಹೇಳಿದ ಮ್ಯಾಲೆ ಆಯಿ ಸ್ವಲ್ಪ ಹೊತ್ತು ಸುಮ್ಮನಿದ್ಲು. ಆಮ್ಯಾಲೆ, "ಮುಖ ಮೂಡಲಕ್ಕ ಇರಲಿ, ಸಾಕು. ಬಚ್ಚಲದ ಗ್ವಾಡಿಗೆ ಮಾತ್ರ ಹಚ್ಚಬ್ಯಾಡ್ರಿ" ಅಂದ್ಲು. ಆಕಿ ಬಿಡಲಿಕ್ಕೆ ತಯಾರಿರೋ ಮಾತು ಯಾವುದು, ಬಿಡದ ಮಾತು ಯಾವುದು ಅಂತ ಅವತ್ತು ಮೊದಲ ಸಲ ಗೊತ್ತಾತು. ನಿಮ್ಮ ಮನಿಯೊಳಗೂ ಕೇಳಿ ನೋಡ್ರಿ. ಹತ್ತು ನಿಯಮ ಇರ್ತಾವು, ಬಿಡಲಾರದ್ದು ಒಂದೋ ಎರಡೋ.

ಭಾಗ 5/8

ಜಾಗ ಪಕ್ಕಾ ಮಾಡೋ ಮೊದಲು ಒಂದು ಊದಬತ್ತಿ ಪರೀಕ್ಷೆ ಮಾಡಿದ್ವಿ. ಐದು ರೂಪಾಯಿ ಖರ್ಚಿಲ್ಲ, ಹತ್ತು ನಿಮಿಷದ ಕೆಲಸ.

ದೀಪ ಇಡೋ ಎತ್ತರಕ್ಕ ಒಂದು ಊದಬತ್ತಿ ಹಚ್ಚಿ ಇಡ್ರಿ. ಹಬ್ಬದ ದಿನ ಕಿಟಕಿ, ಬಾಗಿಲು, ಫ್ಯಾನ್ ಹೆಂಗ ಇರ್ತಾವೋ ಹಂಗೇ ಇರಲಿ. ನೀವು ದೂರ ಕೂತು ಹೊಗಿ ನೋಡ್ರಿ. ಗಾಳಿ ಕಣ್ಣಿಗೆ ಕಾಣೋದಿಲ್ಲ, ಹೊಗಿ ಅದನ್ನ ತೋರಸ್ತದ.

ಹಾಲ್‌ನ ಈಶಾನ್ಯ ಮೂಲೆ, ಅಂದ್ರ 2024ರ ಜಾಗ: ಹೊಗಿ ಏರಲೇ ಇಲ್ಲ. ಒಮ್ಮೆ ಪರದೆ ಕಡೆ, ಒಮ್ಮೆ ಅಡಗಿ ಮನಿ ಬಾಗಿಲ ಕಡೆ ಹೊಡಕೋತಿತ್ತು. ದೀಪದ ಕುಡಿನೂ ಹಂಗೇ ಹೊಡಕೋತದ ಅಂತ ಅರ್ಥ. ಅಲ್ಲಿ ದೀಪ ಆರಬಾರದು ಅಂತ ನಾವು ಕಿಟಕಿ ಮುಚ್ಚತಿದ್ವಿ. ಕಿಟಕಿ ಮುಚ್ಚಿದ್ರ ಊದಬತ್ತಿ, ಕರ್ಪೂರ, ಲೋಬಾನದ ಹೊಗಿಯೆಲ್ಲಾ ಒಳಗೇ. ಆಯಿಗೆ ದಮ್ಮು ಐತಿ. ಆ ವರ್ಷ ಒಂಬತ್ತು ದಿನದೊಳಗ ಆಕಿ ಪಂಪ್ ಎಷ್ಟು ಸಲ ತಗೊಂಡಳು ಅಂತ ನಾವ್ಯಾರೂ ಲೆಕ್ಕ ಇಡಲಿಲ್ಲ.

ಬೆಡ್‌ರೂಮ್: ಹೊಗಿ ನೆಟ್ಟಗ ಏರಿತು, ಆದ್ರ ಮ್ಯಾಲೆ ಹಾಸಿದಂಗ ನಿಂತುಬಿಡ್ತು. ಹದಿನೈದು ನಿಮಿಷ ಆದ್ರೂ ಕರಗಲಿಲ್ಲ. ಗಾಳಿ ಇಲ್ಲದ ಜಾಗ ದೀಪಕ್ಕ ಛಲೋ, ಉಸಿರಿಗೆ ಅಲ್ಲ. ಮ್ಯಾಲೆ ಗಾದಿ, ದುಪ್ಪಟಿ ಎಲ್ಲಾ ಹತ್ತಿ.

ಮುಂಬಾಗಿಲ ಹತ್ರದ ಗ್ವಾಡಿ: ಪರೀಕ್ಷೆ ಮಾಡಲೇ ಇಲ್ಲ. ಹೊರಗ ಹೋಗಲಿಕ್ಕೆ ಇರೋದು ಅದೊಂದೇ ಬಾಗಿಲು. ಬೆಂಕಿ ಹತ್ತಿದ್ರ ನಾವು ಓಡಬೇಕಾದ ದಾರಿಯೊಳಗೇ ಬೆಂಕಿ ಇರಬಾರದು.

ಪಶ್ಚಿಮದ ಗ್ವಾಡಿ: ಹೊಗಿ ಎರಡು ಮೂರು ಫೂಟ್ ನೆಟ್ಟಗ ಹೋಗಿ, ಆಮ್ಯಾಲೆ ನಿಧಾನಕ್ಕ ಕಿಟಕಿ ಕಡೆ ತಿರುಗ್ತು. ನಮಗ ಬೇಕಾದದ್ದು ಇದೇ: ಕೆಳಗ ದೀಪಕ್ಕ ಗಾಳಿ ಬಡಿಬಾರದು, ಮ್ಯಾಲೆ ಹೊಗಿ ನಿಲ್ಲಬಾರದು. ಫ್ಯಾನ್ ಒಂದರ ಮ್ಯಾಲೆ ಇಟ್ಟಾಗ ಮಾತ್ರ ಹೊಗಿ ಚೆದುರಿತು. ಅದಕ್ಕ ದೀಪಕ್ಕೊಂದು ಗಾಜಿನ ಬುರುಡಿ ತಂದ್ವಿ. ತಗೋಳುವಾಗ ಬುಡದಾಗ ತೂತು ಇರೋದನ್ನ ನೋಡಿ ತಗೋರಿ. ಕೆಳಗಿಂದ ಗಾಳಿ ಬರದಿದ್ರ ಕುಡಿ ಕೆಂಪಾಗಿ, ಮಸಿ ಕಟ್ಟಿ, ಆರತದ. ಬುರುಡಿ ಕರ್ರಗ ಆಗಾಕತ್ತಿದ್ರ ಬತ್ತಿ ಉದ್ದ ಆಗೈತಿ ಇಲ್ಲಾ ಗಾಳಿ ಸಾಲವಲ್ದು ಅಂತ ತಿಳಕೋರಿ.

ಭಾಗ 6/8

ಈಗ ದೀಪದ ಸುತ್ತ ಮಾಡ ಕಟ್ಟೋದು. ಮಣ್ಣಿಂದಲ್ಲ, ಖಾಲಿ ಜಾಗದಿಂದ.

ಘಟ್ಟವನ್ನ ಚೌರಂಗದ ಮ್ಯಾಲೆ ಕೂಡಿಸಿದ್ವಿ. ದೀಪ ಅದೇ ಚೌರಂಗದ ಮ್ಯಾಲೆ ಇಡಲಿಲ್ಲ. ಪಕ್ಕಕ್ಕ, ಒಂದೂವರಿ ಫೂಟ್ ದೂರ, ಒಂದು ಸ್ಟೀಲ್ ಪರಾತದಾಗ ಉಸುಕು ಹಾಕಿ ಅದರೊಳಗ ಕೂಡಿಸಿದ್ವಿ. ದೀಪ ವಾಲೋದಿಲ್ಲ, ಎಣ್ಣಿ ಚೆಲ್ಲಿದ್ರ ಉಸುಕು ಕುಡೀತದ. ಇದು ಮಾಡದ ಕೆಳಗಿನ ಕಲ್ಲು ಅಂತ ತಿಳೀರಿ.

ಸುತ್ತ ಎಷ್ಟು ಜಾಗ ಬಿಡಬೇಕು? ಮೇಣದಬತ್ತಿಯ ಸುತ್ತ ಉರಿಯೋ ವಸ್ತು ಯಾವುದೂ 12 ಇಂಚಿನ ಒಳಗ ಇರಬಾರದು ಅಂತ ಅಮೆರಿಕದ ಅಗ್ನಿ ಸುರಕ್ಷಾ ಸಂಸ್ಥೆ ಎನ್.ಎಫ್.ಪಿ.ಎ. ಹೇಳ್ತದ. ಅದು ಬಗಲಿನ ಲೆಕ್ಕ. ಮ್ಯಾಲಿನದು ನೀವೇ ಕೈಲೆ ನೋಡಬಹುದು. ನಮ್ಮ ಒಂದು ಬತ್ತಿ ದೀಪದ ಮ್ಯಾಲೆ ಅರ್ಧ ಫೂಟಿಗೆ ಅಂಗೈ ಹಿಡಿದ್ರ ತಡೀಲಿಕ್ಕೆ ಆಗಲಿಲ್ಲ. ಒಂದು ಫೂಟಿಗೆ ಬೆಚ್ಚಗ. ಮೂರು ಫೂಟಿಗೆ ಏನೂ ಅನಿಸಲಿಲ್ಲ. ಬತ್ತಿ ಜಾಸ್ತಿ ಆದ್ರ ಈ ಲೆಕ್ಕ ಮ್ಯಾಲೆ ಏರ್ತದ.

ಈಗ ಯಾರೂ ಹೇಳದ ಒಂದು ಮಾತು: ಮಾಲಿ. ಘಟ್ಟದ ಮ್ಯಾಲೆ ದಿನಕ್ಕೊಂದು ಮಾಲಿ ಇಳಿಬಿಡೋ ಪದ್ಧತಿ ನಿಮ್ಮ ಮನಿಯೊಳಗ ಇದ್ರ ಗಮನಿಸ್ರಿ. ಮೊದಲನೇ ದಿನದ ಮಾಲಿ ಹಸಿ, ಅದಕ್ಕ ಬೆಂಕಿ ಹತ್ತೋದಿಲ್ಲ. ಐದನೇ ದಿನಕ್ಕ ಅದೇ ಮಾಲಿ ಒಣಗಿ ಕಾಗದ ಆಗಿರ್ತದ. ದೀಪ ಕೆಳಗ ಇದ್ರ ಒಂದು ಒಣ ಎಸಳು ಉದುರಿದ್ರೂ ಸಾಕು. ಅಂದ್ರ ಮೊದಲನೇ ದಿನ ಸುರಕ್ಷಿತ ಇದ್ದ ಜಾಗ ಆರನೇ ದಿನ ಸುರಕ್ಷಿತ ಇರೋದಿಲ್ಲ. ಜಾಗ ಬದಲಾಗಿಲ್ಲ, ಹೂವು ಬದಲಾಗ್ಯಾವು. ಅದಕ್ಕ ದೀಪ ಮಾಲಿಯ ನೆಟ್ಟ ಕೆಳಗ ಬರಲೇಬಾರದು. ಪಕ್ಕಕ್ಕ ಇಟ್ಟಿದ್ದು ಅದಕ್ಕೇ.

ಹಿಂದ ಸೀರಿ ಕಟ್ಟೋದನ್ನ ಬಿಟ್ವಿ. ಅವ್ವನಿಗೆ ಬ್ಯಾಸರ ಆತು, ಖರೇ ಹೇಳ್ತೀನಿ. ಬದಲಿಗೆ ಗ್ವಾಡಿ ಮ್ಯಾಲೆ ಸುಣ್ಣ, ಕೆಮ್ಮಣ್ಣಿಲೆ ಹಾಳ್ಯಾಗ ರಂಗೋಲಿ ತೆಗೆಯೋಣ ಅಂದೆ. ಓನರ್ ಬೈತಾರ ಅಂತ ಅದೂ ಆಗಲಿಲ್ಲ. ಕಡೀಕ ಹಿತ್ತಾಳಿ ತಾಟು, ತಂಬಿಗಿ ತಿಕ್ಕಿ ಹಿಂದ ಸಾಲಾಗಿ ನಿಲ್ಲಿಸಿದ್ವಿ. ದೀಪದ ಬೆಳಕು ಅದರೊಳಗ ಬಿದ್ದು ಸೀರಿಗಿಂತ ಚಂದ ಕಂಡಿತು. (ಮೂರನೇ ಫೋಟೋ.)

ಒಂದು ದೊಡ್ಡ ಸ್ಟೀಲ್ ಮುಚ್ಚಳ ಪರಾತದ ಬಾಜೂಕ ಯಾವಾಗಲೂ ಇತ್ತು. ಎಣ್ಣಿಗೆ ಬೆಂಕಿ ಹತ್ತಿ ದೀಪ ಪೂರ್ತಿ ಉರೀಲಿಕ್ಕೆ ಹತ್ತಿದ್ರ ನೀರು ಹಾಕಬ್ಯಾಡ್ರಿ. ಕಾದ ಎಣ್ಣಿಯೊಳಗ ನೀರು ಬಿದ್ದ ಕೂಡಲೇ ಉಗಿ ಆಗಿ ಉರಿಯೋ ಎಣ್ಣಿನ್ನ ಸುತ್ತಲೂ ಚಿಮ್ಮಸ್ತದ. ಬುರುಡಿ ಇದ್ರೂ ಪರಾತಕ್ಕ ಉಸುಕು ಸುರೀರಿ, ಇಲ್ಲದಿದ್ರ ಮುಚ್ಚಳ ಬೋರಲಾಗಿ ಮುಚ್ಚಿ, ಆರೋ ತನಕ ತೆಗೀಬ್ಯಾಡ್ರಿ. ಕೈ ಮೀರಿದ್ರ ಹೊರಗ ಓಡಿ 101 ಇಲ್ಲಾ 112ಕ್ಕ ಫೋನ್. ಗ್ಯಾಸ್ ವಾಸನಿ ಬಂದ್ರ ಯಾವ ಸ್ವಿಚ್ಚೂ ಮುಟ್ಟದ, ಮನಿಯಿಂದ ಹೊರಗ ಹೋಗಿ 1906.

ಭಾಗ 7/8

ಈಗ ಕಷ್ಟದ ಭಾಗ. ರಾತ್ರಿ.

ಜಾಗ ಎಷ್ಟು ಸರಿ ಇದ್ರೂ, ಎಲ್ಲಾರೂ ಮಲಗಿದಾಗ ಉರಿಯೋ ದೀಪ ಬ್ಯಾರೆ ಮಾತು. 2025ರ ಸೆಪ್ಟೆಂಬರ್ 22ಕ್ಕ ಘಟ್ಟ ಹಾಕಿದ್ವಿ. ಅಖಂಡ ದೀಪ ಆಯಿ ಹರಕಿ. ನಾನು ರಿಜಿಸ್ಟರ್ ಮಾಡಿ ಶಿಫ್ಟ್ ಹಚ್ಚಿದೆ: ಒಂದರ ತನಕ ನಾನು, ಒಂದರಿಂದ ಮೂರು ಅವ್ವ, ಮೂರರಿಂದ ಐದು ಪಪ್ಪಾ. ಪ್ರತಿ ಶಿಫ್ಟಿಗೂ ಬೇಕಾಗೋವಷ್ಟೇ ಎಣ್ಣಿ. ನಮ್ಮ ಸಣ್ಣ ಬತ್ತಿಗೆ ತಾಸಿಗೆ ಸುಮಾರು 5 ಮಿ.ಲೀ. ಸಾಕಾಗ್ತಿತ್ತು. ರಾತ್ರಿಪೂರ್ತಿ ಎಣ್ಣಿ ಒಮ್ಮೆಲೇ ಸುರಿದ್ರ, ಉರುಳಿದಾಗ ಅಷ್ಟೂ ಬೆಂಕಿಗೆ. ರೆಗ್ಯುಲೇಟರ್ ರಾತ್ರಿ ಬಂದ್.

ಎರಡು ರಾತ್ರಿ ಛಲೋ ನಡೀತು. ಮೂರನೇ ರಾತ್ರಿ ನಾನು ಕಾಸ್ಟ್ ಅಕೌಂಟಿಂಗ್ ಪುಸ್ತಕದ ಮ್ಯಾಲೆ ತಲಿ ಇಟ್ಟು ನಿದ್ದಿ ಹೋದೆ. ಅವ್ವನ್ನ ಎಬ್ಬಿಸಲಿಲ್ಲ. ಎರಡೂವರಿಗೆ ಆಯಿ ಪಂಪ್ ತಗೋಳಲಿಕ್ಕೆ ಎದ್ದಾಕಿ ನೋಡಿದ್ಲು. ದೀಪ ತನ್ನಷ್ಟಕ್ಕ ಉರೀತಿತ್ತು. ಏನೂ ಆಗಿರಲಿಲ್ಲ. ಆಯಿ ಬೆಳಗಿನ ತನಕ ಅಲ್ಲೇ ಕೂತಿದ್ಲು.

ಮರುದಿನ ನನಗ ಬೈತಾಳ ಅಂತ ತಿಳಕೊಂಡಿದ್ದೆ. ಆಕಿ ಹೇಳಿದ್ದು ಬ್ಯಾರೆ. "ನಮ್ಮ ಮನಿಯೊಳಗ ಘಟ್ಟ ಹಾಕಿದ್ರ ಬಾಗಲಕ್ಕ ಕೀಲಿ ಹಾಕ್ತಿರಲಿಲ್ಲ. ನಮ್ಮತ್ತಿ ದೀಪದ ಮುಂದ ಮಲಗಾಕಿ, ಅಕಿ ಎದ್ರ ನಾನು. ಹದಿಮೂರು ಮಂದಿ ಇದ್ವಿ. ಇಲ್ಲಿ ನಾಕ ಮಂದಿ, ಎಲ್ಲಾರೂ ದುಡದು ದಣದಾವರು."

ಆ ರಾತ್ರಿ ಹತ್ತೂವರಿಗೆ ಆಯಿ ಬುರುಡಿ ತೆಗೆದು, ಒಂದು ಹೂವಿನ ದೇಟಿಲೆ ಬತ್ತಿನ್ನ ಎಣ್ಣಿಯೊಳಗ ಜಗ್ಗಿ ದೀಪ ಶಾಂತ ಮಾಡಿದ್ಲು. ಅವ್ವ ಗಾಬರಿಯಾಗಿ, "ಅಖಂಡ ಮುರೀತಲ್ರಿ ಅತ್ತಿ?" ಅಂದ್ಲು.

"ಕಾಯಾವರು ಇದ್ದಾಗ ಅಖಂಡ. ಕಾಯಾವರು ಇಲ್ಲದ ದೀಪ ಹಚ್ಚೋದು ಭಕ್ತಿ ಅಲ್ಲವಾ, ಮರವು" ಅಂದ್ಲು ಆಯಿ. ಐದಕ್ಕ ಎದ್ದು ಮತ್ತ ಹಚ್ಚಿದ್ಲು. ಉಳಿದ ರಾತ್ರಿಯೆಲ್ಲಾ ಹಂಗೇ ಮಾಡಿದ್ವಿ.

ನಾನು ಅಳಲಿಲ್ಲ ಅಂತ ಬರೀಬೇಕಂದ್ರ ಸುಳ್ಳಾಗ್ತದ. ಆಕಿ ಹರಕಿ ನನ್ನ ನಿದ್ದಿಯಿಂದ ಮುರೀತು ಅಂತ ಈಗಲೂ ಅನಸ್ತದ. ಆಯಿಗೆ ಹಂಗ ಅನಸಿಲ್ಲ.

ಭಾಗ 8/8

"ದೀಪ ಬ್ಯಾಡ, ಕರೆಂಟಿನ ದೀಪ ಸಾಕು" ಅಂತ ಹೇಳೋರು ಇರ್ತಾರ. ಅವರ ಮನಿಗೆ ಅದು ಸರಿ ಇರಬಹುದು. ನಮ್ಮ ಮನಿಯೊಳಗ ಆ ಮಾತು ಆಡಿದ್ರ ಆಯಿ ಅಡಗಿ ಮನಿಯೊಳಗ ಗುಟ್ಟಾಗಿ ದೀಪ ಹಚ್ಚತಿದ್ಲು, ಸಿಲಿಂಡರ್ ಬಾಜೂಕ. ಬ್ಯಾಡ ಅನ್ನೋದರಿಂದ ದೀಪ ಹೋಗೋದಿಲ್ಲ, ಕಾಣದ ಜಾಗಕ್ಕ ಹೋಗ್ತದ.

"ಹಿಂದಿನಿಂದ ಹಿಂಗೇ ಬಂದೈತಿ" ಅನ್ನೋರಿಗೂ ನನ್ನದೊಂದು ಮಾತು. ಹಿಂದಿನಿಂದ ಬಂದದ್ದು ಬರೇ ದಿಕ್ಕಲ್ಲ. ಮಾಡ ಬಂದಿತ್ತು, ಬೆಳಕಿಂಡಿ ಬಂದಿತ್ತು, ಕೀಲಿ ಹಾಕಬಾರದು ಅನ್ನೋದು ಬಂದಿತ್ತು, ದೀಪದ ಮುಂದ ಮಲಗೋ ಅತ್ತಿ ಬಂದಿದ್ರು. ಪದ್ಧತಿ ಉಳಸಬೇಕಂದ್ರ ಪೂರ್ತಿ ಉಳಸ್ರಿ. ಒಂದನ್ನ ಹಿಡಕೊಂಡು ನಾಲ್ಕನ್ನ ಬಿಟ್ರ ಅದು ಪದ್ಧತಿನೂ ಅಲ್ಲ, ಸುರಕ್ಷಿತನೂ ಅಲ್ಲ.

ಈ ಸಲ ಘಟ್ಟ ಹಾಕೋ ಮೊದಲು ಒಂದು ಸಂಜೆ ಕೂತು ಮೂರು ಕೆಲಸ ಮಾಡ್ರಿ. ಹಾಳಿ ಮ್ಯಾಲೆ ಮನಿ ನಕ್ಷೆ ತೆಗೆದು ಸಿಲಿಂಡರ್, ಪರದೆ, ಹೊರಗ ಹೋಗೋ ಬಾಗಿಲು ಗುರುತು ಹಾಕ್ರಿ. ಉಳಿದ ಜಾಗಕ್ಕ ಊದಬತ್ತಿ ಹಚ್ಚಿ ಹೊಗಿ ನೋಡ್ರಿ. ಆಮ್ಯಾಲೆ ಮನಿ ಹಿರಿಯರನ್ನ ಕೇಳ್ರಿ: "ಇದರೊಳಗ ನೀವು ಬಿಡಲಾರದ ನಿಯಮ ಯಾವುದು?" ಮೂರಕ್ಕೂ ಹೊಂದೋ ಜಾಗ ಒಂದಾದ್ರೂ ಸಿಗ್ತದ. ನಮಗ ಟಿ.ವಿ. ಹಿಂದ ಸಿಕ್ತು. ಟಿ.ವಿ. ಬೆಡ್‌ರೂಮಿಗೆ ಹೋತು, ಪಪ್ಪಾ ಒಂಬತ್ತು ದಿನ ಮ್ಯಾಚ್ ನೋಡಲಿಕ್ಕೆ ಗಾದಿ ತುದಿಗೆ ಕೂತ್ರು. ಅವರದೂ ಒಂದು ವ್ರತ ಅಂತ ಅವ್ವ ನಗ್ತಿದ್ಲು.

ದಸರಾ ದಿನ ಆಯಿ ಬನ್ನಿ ಕೊಟ್ಟು, ಬಂಗಾರದಂಗ ಇರೋಣು ಅಂದ್ಲು. ಕೈ ನೋಡಿದೆ. ಪಂಪ್ ಇರಲಿಲ್ಲ.

ನಿಮ್ಮ ಮನಿ ದೀಪ ಎಲ್ಲಿರ್ತದ? ನಕ್ಷೆ ಹೇಳ್ರಿ, ಕಾಮೆಂಟಿನ್ಯಾಗ ಕೂಡಿ ನೋಡೋಣು. ಘಟ್ಟ ಹಾಕೋ ಗೆಳತಿ ಇದ್ರ ಈ ಪೋಸ್ಟ್ ಆಕಿಗೆ ಕಳಸ್ರಿ, ಆಕಿ ಆಯಿಗೆ ಓದಿ ಹೇಳಲಿ.

#ಹುಬ್ಬಳ್ಳಿಧಾರವಾಡ #ನವರಾತ್ರಿ #ಘಟಸ್ಥಾಪನೆ #ಸಣ್ಣಮನಿ #ನಂದಾದೀಪ